ಬೀದಿಮರಿ ಸಾಕಲು ತಿಂಗಳಿಗೆ 2,000 ಸಾಕಾ? ನನ್ನ ಲೆಕ್ಕ ನೋಡಿ ಹೇಳಿ

ಚೀಟಿಲೆಕ್ಕ

ಮೈಸೂರಿನಿಂದ ಬರೆಯುತ್ತಿದ್ದೇನೆ. ಮಕ್ಕಳು ಟ್ಯೂಷನ್ ಮುಗಿಸಿ ಬರುವಾಗ ಚರಂಡಿ ಪಕ್ಕದಿಂದ ಒಂದು ಮರಿ ಎತ್ತಿಕೊಂಡು ಬಂದಿದ್ದಾರೆ. ಹೆಣ್ಣು, ಕಂದು ಬಣ್ಣ, ಬಾಲದ ತುದಿ ಮಾತ್ರ ಬಿಳಿ. ಡಾಕ್ಟರ್ ಹಲ್ಲು ನೋಡಿ ಎರಡು ತಿಂಗಳು ಇರಬಹುದು ಅಂದರು. ಮೊದಲನೇ ಇಂಜೆಕ್ಷನ್ ಹಾಕಿಸಿದೆ, 800 ರೂಪಾಯಿ ಆಯಿತು. ಮೂರು ವಾರ ಬಿಟ್ಟು ಬನ್ನಿ ಅಂದಿದ್ದಾರೆ.

ನಮ್ಮದು ಬಾಡಿಗೆ ಮನೆ, ಒಂದೇ ಸಂಬಳ. ಯಜಮಾನರು ‘ಸಾಕೋಣ, ಆದರೆ ತಿಂಗಳಿಗೆ 2,000 ದಾಟಬಾರದು’ ಅಂದಿದ್ದಾರೆ. ನಾನು ಹಾಕಿದ ಲೆಕ್ಕ ಹೀಗಿದೆ. ಊಟಕ್ಕೆ 1,200, ಇಂಜೆಕ್ಷನ್ ಮತ್ತು ಡಾಕ್ಟರಿಗೆ ಸರಾಸರಿ 300, ಉಳಿದ 500 ಕಷ್ಟಕ್ಕೆ ಅಂತ ಡಬ್ಬಿಗೆ. ಇದು ನಡೆಯುತ್ತಾ, ಇಲ್ಲ ನಾನು ಏನಾದರೂ ಮರೆತಿದ್ದೀನಾ? ಸಾಕಿದವರು ಹೇಳಿ.

ತೋಟದಮನೆ

ಇಷ್ಟೆಲ್ಲಾ ಲೆಕ್ಕ ಯಾಕೆ ಮೇಡಂ? ನಮ್ಮ ತೋಟದಲ್ಲಿ ಯಾವಾಗಲೂ ಮೂರು ನಾಯಿ ಇರುತ್ತವೆ. ನಾವು ಉಂಡಿದ್ದನ್ನೇ ಹಾಕುತ್ತೇವೆ. ಅನ್ನ, ಸಾರು, ಹಾಲು. ರೇಬೀಸ್ ಇಂಜೆಕ್ಷನ್ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಫ್ರೀ. ಪೇಟೆಯವರು ಸುಮ್ನೆ ಪೆಟ್ ಅಂಗಡಿಗೆ ದುಡ್ಡು ಸುರಿಯುತ್ತಾರೆ.

ಶಿಟ್ಜುಬೇಕು

ಬಜೆಟ್ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ಶಿಟ್ಜು ಮರಿ 15,000ಕ್ಕೆ ಒಳ್ಳೆಯದು ಎಲ್ಲಿ ಸಿಗುತ್ತೆ? ಪೇಪರ್ ಇಲ್ಲದಿದ್ದರೂ ಪರವಾಗಿಲ್ಲ.

ಚೀಟಿಲೆಕ್ಕ

ಸರ್, ನಾನು ಮರಿ ಕೊಳ್ಳುತ್ತಿಲ್ಲ, ಮಾರುತ್ತಲೂ ಇಲ್ಲ. ಬಂದಿರುವುದನ್ನು ಸಾಕುವುದು ಹೇಗೆ ಅಂತ ಕೇಳುತ್ತಿದ್ದೇನೆ.

ಹಳೇಕಂಪೌಂಡರ್

ಚೀಟಿಲೆಕ್ಕ ಅವರೇ, ನಾನು 19 ವರ್ಷ ಒಂದು ಪ್ರಾಣಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದವನು. ಡಾಕ್ಟರ್ ಅಲ್ಲ, ಆದರೆ ಬಿಲ್ ಬರೆಯುತ್ತಿದ್ದವನು ನಾನೇ. ನಿಮ್ಮ ಲೆಕ್ಕ ಎರಡನೇ ವರ್ಷಕ್ಕೆ ಸರಿ ಇದೆ. ಮೊದಲನೇ ವರ್ಷಕ್ಕೆ ಸಾಲುವುದಿಲ್ಲ. ಹೇಗೆ ಅಂತ ಹೇಳುತ್ತೇನೆ.

ಈ ಮರಿ ಬೆಳೆದರೆ ಸುಮಾರು 14–15 ಕೆಜಿ ಆಗುತ್ತದೆ ಅಂತ ಇಟ್ಟುಕೊಳ್ಳಿ, ನಮ್ಮ ನಾಟಿ ಹೆಣ್ಣು ನಾಯಿಗಳು ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ. ಮನೆಯಲ್ಲೇ ಬೇಯಿಸಿ ಹಾಕಿದರೆ ದಿನಕ್ಕೊಂದು ಮೊಟ್ಟೆ, 150 ಗ್ರಾಂ ಕೋಳಿ, ಅಷ್ಟೇ ಅಕ್ಕಿ, ಒಂದಿಷ್ಟು ಕುಂಬಳಕಾಯಿ ಅಥವಾ ಕ್ಯಾರೆಟ್, ಸ್ವಲ್ಪ ಮೊಸರು. ತಿಂಗಳಿಗೆ 1,250 ಆಸುಪಾಸು. ವರ್ಷಕ್ಕೆ 15,000. ಇದರಲ್ಲಿ ನೀವು ಸರಿಯಾಗಿಯೇ ಅಂದಾಜು ಮಾಡಿದ್ದೀರಿ.

ಇಂಜೆಕ್ಷನ್‌ಗೆ ಬನ್ನಿ. ನಿಮಗೆ ಹಾಕಿದ್ದು ಹಲವು ರೋಗಕ್ಕೆ ಸೇರಿಸಿ ಕೊಡುವ ಲಸಿಕೆ. ಅದು ಮೂರು ಸಲ, 2,400. ರೇಬೀಸ್ ಮೂರು ತಿಂಗಳಿಗೆ ಒಂದು, ಆಮೇಲೆ ಇನ್ನೊಂದು, 600. ಜಂತುಹುಳುವಿನ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ವರ್ಷಕ್ಕೆ 500 ಇಡಿ. ಒಟ್ಟು 3,500.

ನೀವು ಪೂರ್ತಿ ಮರೆತಿರುವುದು ಉಣ್ಣೆ. ಉಣ್ಣೆ ಬರದ ಹಾಗೆ ನೋಡಿಕೊಳ್ಳುವ ಮಾತ್ರೆಗೋ, ಬೆನ್ನಿಗೆ ಬಿಡುವ ಹನಿಗೋ ವರ್ಷಕ್ಕೆ 6,000 ಬೇಕು. ಲಸಿಕೆಗಿಂತ ಇದೇ ಜಾಸ್ತಿ! ಜೊತೆಗೆ ಹೆಣ್ಣು ಮರಿ, ಸಂತಾನಹರಣ ಆಪರೇಷನ್ ಮಾಡಿಸಬೇಕು, 6,500 ಇಡಿ. ಬೆಲ್ಟು, ತಟ್ಟೆ, ಚಾಪೆಗೆ 1,500. ಭೇದಿ, ತುರಿಕೆ ಅಂತ ಮೂರು ಸಲ ಡಾಕ್ಟರ್ ಹತ್ತಿರ ಓಡಿದರೆ 1,200.

ಎಲ್ಲ ಸೇರಿಸಿದರೆ 33,700. ತಿಂಗಳಿಗೆ 2,800. ಎರಡನೇ ವರ್ಷ ಆಪರೇಷನ್, ಬೆಲ್ಟು, ತಟ್ಟೆ ಇರುವುದಿಲ್ಲ, ಲಸಿಕೆ ಒಂದೊಂದೇ ಸಲ. ಆಗ 23,800ಕ್ಕೆ ಇಳಿಯುತ್ತದೆ. ತಿಂಗಳಿಗೆ 1,980ರ ಹತ್ತಿರ. ನಿಮ್ಮ ಯಜಮಾನರು ಹೇಳಿದ 2,000 ಸರಿಹೋಯಿತಲ್ವಾ?

ಇವೆಲ್ಲ ನಮ್ಮ ಕಡೆಯ ಸಾಧಾರಣ ಕ್ಲಿನಿಕ್ಕಿನ ರೇಟು. ನಿಮ್ಮಲ್ಲಿ 200 ಹೆಚ್ಚೋ ಕಡಿಮೆಯೋ ಇರಬಹುದು. ಇದರಲ್ಲಿ ಎಮರ್ಜೆನ್ಸಿ ಒಂದು ಪೈಸೆಯೂ ಸೇರಿಲ್ಲ. ಅದನ್ನು ಬೇರೆ ಡಬ್ಬಿಯಲ್ಲಿ ಇಡಿ.

ತೋಟದಮನೆ

ಉಣ್ಣೆಗೆ 6,000! ನಾವು ಕೈಯಲ್ಲಿ ಕಿತ್ತು ಸೀಮೆಎಣ್ಣೆಗೆ ಹಾಕುತ್ತೇವೆ.

ಹಳೇಕಂಪೌಂಡರ್

ಕಿತ್ತಿದ್ದಕ್ಕೆ ತಪ್ಪಿಲ್ಲ. ಆದರೆ ನಿಮ್ಮ ಕಣ್ಣಿಗೆ ಬೀಳುವುದು ರಕ್ತ ಕುಡಿದು ಊದಿದ ದೊಡ್ಡವು. ಎಳ್ಳಿನ ಗಾತ್ರದವು ಕಿವಿಯೊಳಗೆ, ಬೆರಳ ಸಂದಿಯಲ್ಲಿ ಇರುತ್ತವೆ. ಪೇಟೆ ಮನೆಯಲ್ಲಿ ಗೋಡೆ ಬಿರುಕಿನಲ್ಲಿ, ಮಂಚದ ಕೆಳಗೆ ಮೊಟ್ಟೆ ಇಡುತ್ತವೆ. ಉಣ್ಣೆ ಜ್ವರಕ್ಕೆ ಅಂತ ನಾನು ಬರೆದಷ್ಟು ಬಿಲ್ಲು ಬೇರೆ ಯಾವುದಕ್ಕೂ ಬರೆದಿಲ್ಲ.

ಬೆಲೆ ಜಾಸ್ತಿ ಅನ್ನಿಸಿದರೆ ಬೆನ್ನಿಗೆ ಬಿಡುವ ಹನಿ ಮಾತ್ರೆಗಿಂತ ಅಗ್ಗಕ್ಕೆ ಸಿಗುತ್ತದೆ. ಆದರೆ ಹನಿ ಬಿಟ್ಟ ಹಿಂದೆ ಮುಂದೆ ಎರಡು ದಿನ ಸ್ನಾನ ಮಾಡಿಸಬಾರದು. ಮಕ್ಕಳಿರುವ ಮನೆಯಲ್ಲಿ ಒಣಗುವ ತನಕ ನಾಯಿ ಮುಟ್ಟದ ಹಾಗೆ ನೋಡಿಕೊಳ್ಳಬೇಕು.

ಮೀಸೆಬೆಕ್ಕು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮನೆಯಲ್ಲಿ ಬೆಕ್ಕೂ ಇದ್ದರೆ ನಾಯಿಯ ಹನಿಯನ್ನು ಅದಕ್ಕೆ ಖಂಡಿತಾ ಬಿಡಬೇಡಿ. ಪರ್ಮೆಥ್ರಿನ್ ಇರುವ ಹನಿ ಬೆಕ್ಕಿಗೆ ವಿಷ. ಒಂದೇ ಟ್ಯೂಬು ಇಬ್ಬರಿಗೂ ಆಗುತ್ತೆ ಅಂತ ಉಳಿಸಲು ಹೋಗಿ ನಮ್ಮ ಪಕ್ಕದ ಮನೆಯವರು ಬೆಕ್ಕನ್ನು ಕಳೆದುಕೊಂಡರು. ಮೈ ನಡುಗಲು ಶುರುವಾಗಿ ಮಧ್ಯಾಹ್ನದೊಳಗೆ ಮುಗಿದುಹೋಯಿತು.

ಹಾಗೆಯೇ ಮನುಷ್ಯರ ಪ್ಯಾರಾಸಿಟಮಾಲ್. ಬೆಕ್ಕಿಗೆ ಅದರ ಅರ್ಧ ಮಾತ್ರೆ ಕೂಡ ಜೀವ ತೆಗೆಯಬಹುದು.

ನನ್ನ ಲೆಕ್ಕ ಕೇಳಿ. ನನ್ನ ಗಂಡು ಬೆಕ್ಕಿಗೆ ತಿಂಗಳಿಗೆ 1,100 ಮಾತ್ರ. ವರ್ಷಗಟ್ಟಲೆ ಡಾಕ್ಟರ್ ಮುಖ ನೋಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆಯಿಂದ ಮರಳಿನ ಟ್ರೇಗೆ ಹೋಗಿ ಕೂರುತ್ತಾನೆ, ಎದ್ದು ಬರುತ್ತಾನೆ, ಮತ್ತೆ ಹೋಗುತ್ತಾನೆ. ಮಲಬದ್ಧತೆ ಅಂದುಕೊಂಡು ತುಪ್ಪ ನೆಕ್ಕಿಸಿದೆ. ಸಂಜೆಗೆ ಕಿರುಚಲು ಶುರು ಮಾಡಿದ. ನೋಡಿದರೆ ಟ್ರೇಯ ಮರಳೆಲ್ಲ ಒಣ. ಉಚ್ಚೆ ಕಟ್ಟಿಕೊಂಡಿತ್ತು! ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದಂತೆ. ಒಂದೆರಡು ದಿನ ಹಾಗೇ ಬಿಟ್ಟರೆ ಉಳಿಯುವುದಿಲ್ಲ ಅಂದರು. ಮಂಪರು ಕೊಟ್ಟು ಕ್ಯಾಥೆಟರ್ ಹಾಕಿ ಮೂರು ದಿನ ಇಟ್ಟುಕೊಂಡರು. 12,400 ಆಯಿತು. ಅಂದರೆ ಹೆಚ್ಚುಕಮ್ಮಿ ಒಂದು ವರ್ಷದ ಖರ್ಚು ಮೂರು ದಿನದಲ್ಲಿ.

ಚೀಟಿಲೆಕ್ಕ

ಅಯ್ಯೋ. ನಮ್ಮ ಮನೆಯಲ್ಲಿ ಬೆಕ್ಕು ಇಲ್ಲ, ಆದರೆ ಪ್ಯಾರಾಸಿಟಮಾಲ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಮರಿಗೆ ಮೈ ಬಿಸಿ ಅನ್ನಿಸಿ ನಿನ್ನೆ ಮಗನ ಸಿರಪ್ ಕೊಡೋಣ ಅಂತಿದ್ದೆ.

ಕಂಪೌಂಡರ್ ಸರ್, ಎಮರ್ಜೆನ್ಸಿ ಡಬ್ಬಿಯಲ್ಲಿ ಎಷ್ಟು ಇರಬೇಕು? 500ರಂತೆ ಹಾಕಿದರೆ ಸಾಲಲ್ಲ ಅನ್ನಿಸುತ್ತಿದೆ.

ಹುಬ್ಳಿಮಂದಿ

ಅಕ್ಕಾ, ಇದಕ್ಕೆ ನಾನು ಹೇಳುತ್ತೇನೆ. ನನ್ನ ಹತ್ತಿರ ಬಿಲ್ಲುಗಳು ಇನ್ನೂ ಇವೆ.

ನಮ್ಮ ಕರಿಯನೂ ನಿಮ್ಮದರಂತೆ ಬೀದಿಮರಿ. ಆರು ವಾರಕ್ಕೆ ಒಂದು ಲಸಿಕೆ, ಒಂಬತ್ತು ವಾರಕ್ಕೆ ಇನ್ನೊಂದು ಹಾಕಿಸಿದೆ. ಮೂರನೆಯದಕ್ಕೆ ಕಾರ್ಡಿನಲ್ಲಿ ತಾರೀಖು ಬರೆದಿದ್ದರು. ತಿಂಗಳ ಕೊನೆ ಇತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಎರಡು ಆಗಿದೆಯಲ್ಲ, ಮೂರನೆಯದು ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟೆ.

ಮೂರೂವರೆ ತಿಂಗಳು ತುಂಬಿತ್ತು. ಒಂದು ದಿನ ಮುಂಜಾನೆ ಊಟ ಬಿಟ್ಟ. ಯಾವತ್ತೂ ತಟ್ಟೆ ಉರುಳಿಸುತ್ತಿದ್ದವನು ಮೂಲೆ ಹಿಡಿದು ಮಲಗಿದ. ಸಂಜೆ ಬಿಳಿ ನೊರೆ ವಾಂತಿ, ಆಮೇಲೆ ಹಳದಿ. ನಮ್ಮವ್ವ ಮಜ್ಜಿಗೆ ಕುಡಿಸು ಅಂದಳು. ಕುಡಿಸಿದೆ, ಅದೂ ಹೊರಗೆ ಬಂತು. ಮರುದಿನ ರಾತ್ರಿ ಭೇದಿ ಶುರು. ಟೊಮೆಟೊ ಸಾರು ಚೆಲ್ಲಿದ ಹಾಗೆ ಕೆಂಪು. ಆ ವಾಸನೆ ಮರೆಯಲು ಸಾಧ್ಯವೇ ಇಲ್ಲ. ಪಾರ್ವೊ, ಮರಿಗಳ ಕರುಳಿಗೆ ಬರುವ ವೈರಸ್ ರೋಗ.

ದುಡ್ಡಿನ ವಿಷಯ ಕೇಳಿದ್ದೀರಿ, ಅದನ್ನೇ ಹೇಳುತ್ತೇನೆ. ಪಾರ್ವೊ ಹೌದೋ ಅಲ್ಲವೋ ನೋಡುವ ಕಿಟ್ 900. ದಿನಕ್ಕೆ ಎರಡು ಸಲ ಡ್ರಿಪ್ಪು, ವಾಂತಿ ನಿಲ್ಲಿಸಲು, ಆಂಟಿಬಯಾಟಿಕ್ ಅಂತ ಇಂಜೆಕ್ಷನ್ನು, ಎಲ್ಲ ಸೇರಿ ದಿನಕ್ಕೆ 1,800. ಅದು ಆರು ದಿನ, 10,800. ರಕ್ತ ಪರೀಕ್ಷೆ ಎರಡು ಸಲ, 1,200. ಆಟೊ ದಿನಕ್ಕೆ 300ರಂತೆ 1,800. ಒಟ್ಟು 14,700. ನಾನು ಕೆಲಸಕ್ಕೆ ರಜಾ ಹಾಕಿದ್ದು ಲೆಕ್ಕಕ್ಕೆ ಇಲ್ಲ.

ಬಿಟ್ಟ ಇಂಜೆಕ್ಷನ್ ಎಷ್ಟಿತ್ತು ಅಂತೀರಿ? 700 ರೂಪಾಯಿ.

ಕರಿಯ ಉಳಿದುಕೊಂಡ ಬಿಡಿ. ಐದನೇ ದಿನ ಡ್ರಿಪ್ ಹಾಕಿಸಿಕೊಂಡೇ ಬಾಲ ಆಡಿಸಿದ. ಆದರೆ ಪಕ್ಕದ ಟೇಬಲ್ಲಿನ ಮೇಲೆ ಮಲಗಿಸಿದ್ದ ಮರಿ ಉಳಿಯಲಿಲ್ಲ. ಅವರೂ ಅಷ್ಟೇ ದುಡ್ಡು ಕೊಟ್ಟಿದ್ದರು.

ಸಿಲ್ಕ್‌ಬೋರ್ಡ್‌ಸಂತ

ಎರಡು ಡೋಸ್ ಆದಮೇಲೂ ಬಂತು ಅಂದರೆ ಲಸಿಕೆಯೇ ಸರಿ ಇರಲಿಲ್ಲ ಅನ್ನಿಸುತ್ತೆ. ಡೇಟ್ ಮುಗಿದಿದ್ದು ಹಾಕಿರಬೇಕು.

ಹಳೇಕಂಪೌಂಡರ್

ಇಲ್ಲ ಸರ್, ಒಳ್ಳೆಯ ಲಸಿಕೆಯೇ ಆಗಿದ್ದರೂ ಹೀಗಾಗುತ್ತದೆ. ಹುಟ್ಟಿದ ಮರಿಗೆ ತಾಯಿಯ ಮೊದಲ ಹಾಲಿನಿಂದ ರೋಗ ತಡೆಯುವ ಶಕ್ತಿ ಬರುತ್ತದೆ. ಅದು ಮೈಯಲ್ಲಿ ಇರುವವರೆಗೆ ನಾವು ಹಾಕಿದ ಲಸಿಕೆಯನ್ನೂ ಹೊಡೆದು ಹಾಕುತ್ತದೆ. ಕೆಲವು ಮರಿಗಳಲ್ಲಿ ಎಂಟು ವಾರಕ್ಕೇ ಅದು ಇಳಿಯುತ್ತದೆ, ಕೆಲವದರಲ್ಲಿ ಹದಿನಾಲ್ಕು ಹದಿನೈದು ವಾರ ಇರುತ್ತದೆ. ಯಾವ ಮರಿಗೆ ಯಾವಾಗ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹೋಗುವುದು. ಕೊನೆಯದು 16 ವಾರ ತುಂಬಿದ ಮೇಲೆ ಬೀಳಬೇಕು. ಎಷ್ಟು ಡೋಸ್ ಆಯಿತು ಅನ್ನುವುದಕ್ಕಿಂತ ಕೊನೆಯದು ಯಾವ ವಯಸ್ಸಿಗೆ ಆಯಿತು ಅನ್ನುವುದೇ ಮುಖ್ಯ. ಕರಿಯನಿಗೆ ಕೊನೆಯದು ಒಂಬತ್ತು ವಾರಕ್ಕೇ ಮುಗಿದಿತ್ತು.

ಚೀಟಿಲೆಕ್ಕ ಅವರೇ, ನಿಮ್ಮ ಮರಿಗೆ ಎಂಟು ವಾರಕ್ಕೆ ಶುರುವಾಗಿದೆ. ಮುಂದಿನದು ಹನ್ನೊಂದು ಹನ್ನೆರಡು ವಾರಕ್ಕೆ, ಮೂರನೆಯದು 16 ವಾರಕ್ಕೆ ಬರುವ ಹಾಗೆ ಡಾಕ್ಟರ್ ಹತ್ತಿರ ತಾರೀಖು ಕೇಳಿ ಬರೆಸಿಕೊಳ್ಳಿ. ಹಾಕುವಾಗ ಸೀಸೆಯ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಮುಗಿಯುವ ತಾರೀಖು ಇರುತ್ತದೆ, ನೋಡಿಕೊಳ್ಳಿ. ಅಂಗಡಿಯಿಂದ ಸೀಸೆ ತಂದು ಮನೆಯಲ್ಲೇ ಚುಚ್ಚಿ 300 ಉಳಿಸುವವರೂ ಇದ್ದಾರೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಲಸಿಕೆ ಜೇಬಿನಲ್ಲಿ ಬಂದರೆ ಚುಚ್ಚುವುದು ಬರೀ ನೀರು.

ಕೊನೆಯ ಡೋಸ್ ಆಗಿ ಎರಡು ವಾರದ ತನಕ ಬೀದಿಯಲ್ಲಿ ನೆಲಕ್ಕೆ ಬಿಡಬೇಡಿ. ಎತ್ತಿಕೊಂಡು ತಿರುಗಾಡಿಸಿ. ಚಪ್ಪಲಿ ಹೊರಗೆ ಬಿಡಿ.

ಎಮರ್ಜೆನ್ಸಿ ಡಬ್ಬಿಗೆ ನಾನು ಹೇಳುವುದು 15,000. ನಮ್ಮ ಕಡೆ ಒಂದು ಪಾರ್ವೊ, ಒಂದು ಸಣ್ಣ ಅಪಘಾತ ಅಷ್ಟರಲ್ಲಿ ಆಗುತ್ತದೆ. ಕಾಲು ಮುರಿದು ರಾಡ್ ಹಾಕಬೇಕಾಗಿ ಬಂದರೆ ಸಾಲದು. ಆದರೆ ಡಬ್ಬಿ ತುಂಬುವ ಮೊದಲೇ ಕಷ್ಟ ಬರುತ್ತದೆ, ಅದೇ ತೊಂದರೆ. ಮರಿಗಳಿಗೆ ಕಾಯಿಲೆ ಬರುವುದೇ ಮೊದಲ ಆರು ತಿಂಗಳಲ್ಲಿ. 500ರಂತೆ ಹಾಕಿದರೆ ಅಷ್ಟರಲ್ಲಿ 3,000 ಆಗಿರುತ್ತದೆ. ಸಾಧ್ಯವಾದರೆ ಮೊದಲೇ ಒಂದು 5,000 ಹಾಕಿ ಶುರು ಮಾಡಿ.

ತೋಟದಮನೆ

ಪಾರ್ವೊ ಬಂದ ಜಾಗವನ್ನು ಫಿನಾಯಿಲ್ ಹಾಕಿ ತೊಳೆದರೆ ಸಾಕು. ನಮ್ಮಲ್ಲಿ ಒಂದು ಮರಿ ಹಾಗೇ ಹೋಯಿತು. ತೊಳೆದು ಇನ್ನೊಂದು ತಂದೆವು.

ಹುಬ್ಳಿಮಂದಿ

ಆ ಇನ್ನೊಂದು ಉಳಿಯಿತಾ ಸರ್?

ತೋಟದಮನೆ

ಇಲ್ಲ. ಅದಕ್ಕೂ ಭೇದಿಯೇ ಆಯಿತು. ಹಾವು ಮುಟ್ಟಿರಬೇಕು ಅಂದುಕೊಂಡಿದ್ದೆವು.

ಹಳೇಕಂಪೌಂಡರ್

ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಮೊದಲು ಸೋಪು ಹಾಕಿ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ ಹತ್ತು ನಿಮಿಷ ಬಿಡಬೇಕು. ಬೇರೆ ಯಾವ ಕ್ಲೀನರ್ ಜೊತೆಯೂ ಬೆರೆಸಬಾರದು. ಮಣ್ಣಿನ ಅಂಗಳವಾದರೆ ಅದೂ ಸಾಲದು. ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳಿದ್ದರೆ ವರ್ಷದ ತನಕ ಇರುತ್ತದೆ. ಲಸಿಕೆ ಪೂರ್ತಿ ಆಗದ ಮರಿಯನ್ನು ಅಲ್ಲಿಗೆ ತರಬೇಡಿ.

ರೇಬೀಸ್ ಬಗ್ಗೆ ನೀವು ಹೇಳಿದ್ದು ನಿಜ. ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ಇರುತ್ತದೆ, ಬಳಸಿಕೊಳ್ಳಿ. ಆದರೆ ಅದು ರೇಬೀಸ್ ಒಂದಕ್ಕೇ. ಪಾರ್ವೊ ಲಸಿಕೆ ಬೇರೆ.

ಮೇಡಂ, ಇನ್ನೊಂದು ಮಾತು. ಮರಿಗೆ ಹಲ್ಲು ಬರುವ ವಯಸ್ಸು. ಮಕ್ಕಳ ಕೈ ಕಚ್ಚುತ್ತಿದೆಯಾ?

ಚೀಟಿಲೆಕ್ಕ

ಕಚ್ಚುತ್ತೆ ಸರ್, ಆಟಕ್ಕೆ. ಮಗಳ ಕೈಯಲ್ಲಿ ಎರಡು ಗೀರು ಇದೆ, ಸ್ವಲ್ಪ ರಕ್ತ ಬಂದಿತ್ತು. ಇಷ್ಟು ಚಿಕ್ಕ ಮರಿಗೆ ಏನಿರುತ್ತೆ ಅಂತ ಅರಿಶಿನ ಹಚ್ಚಿದೆ.

ಹಳೇಕಂಪೌಂಡರ್

ಚಿಕ್ಕ ಮರಿ ಅನ್ನುವುದೇ ಎಲ್ಲರೂ ಮಾಡುವ ತಪ್ಪು. ಬೀದಿಯಿಂದ ಬಂದಿದೆ, ತಾಯಿ ಯಾವುದು ಗೊತ್ತಿಲ್ಲ, ರೇಬೀಸ್ ಲಸಿಕೆ ಇನ್ನೂ ಆಗಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ ಬಂದಿತ್ತು ಅಂತ ಮರೆಯದೆ ಹೇಳಿ. ಅಲ್ಲಿ ಇಂಜೆಕ್ಷನ್‌ಗೆ ದುಡ್ಡಿಲ್ಲ. ನಾಳೆಗೆ ಬಿಡಬೇಡಿ.

ಚೀಟಿಲೆಕ್ಕ

ಹೋಗಿ ಬಂದೆವು. ಗಾಯದ ಸುತ್ತ ಒಂದು, ತೋಳಿಗೆ ಒಂದು ಹಾಕಿದರು. ತೋಳಿನದು ಇನ್ನೂ ಇದೆ, ತಾರೀಖು ಬರೆದು ಚೀಟಿ ಕೊಟ್ಟಿದ್ದಾರೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಸಿಲ್ಕ್‌ಬೋರ್ಡ್‌ಸಂತ

ಡಬ್ಬಿ ಬದಲು ಇನ್ಶೂರೆನ್ಸ್ ಮಾಡಿಸಿ ಅಂತ ನನ್ನ ಸಲಹೆ. ನಾನು ನನ್ನ ಲ್ಯಾಬ್ರಡಾರ್‌ಗೆ ಮಾಡಿಸಿದ್ದೇನೆ. ವರ್ಷಕ್ಕೆ 4,000 ಚಿಲ್ಲರೆ, ಏನಾದರೂ ಆದರೆ ಕಂಪನಿ ನೋಡಿಕೊಳ್ಳುತ್ತದೆ.

ಹುಬ್ಳಿಮಂದಿ

ಕ್ಲೇಮ್ ಮಾಡಿದ್ದೀರಾ?

ಸಿಲ್ಕ್‌ಬೋರ್ಡ್‌ಸಂತ

ಒಂದು ಸಲ. ಕಿವಿ ಸೋಂಕು. ಮೊದಲೇ ಇದ್ದ ತೊಂದರೆ ಅಂತ ಕೊಡಲಿಲ್ಲ. ಅದು ನನ್ನ ತಪ್ಪೇ, ಪಾಲಿಸಿಗೆ ಮುಂಚೆ ತೋರಿಸಿದ್ದ ಚೀಟಿ ನಾನೇ ಅಪ್‌ಲೋಡ್ ಮಾಡಿದ್ದೆ.

ಹಳೇಕಂಪೌಂಡರ್

ಇನ್ಶೂರೆನ್ಸ್ ಬೇಡ ಅನ್ನುವುದಿಲ್ಲ. ದೊಡ್ಡ ಆಪರೇಷನ್ ಬಂದರೆ ಕೈ ಹಿಡಿಯುತ್ತದೆ. ಆದರೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ನಮ್ಮ ನಾಟಿ ನಾಯಿಗೆ ಕೊಡುತ್ತೀರಾ, ಎಷ್ಟು ತಿಂಗಳಿನಿಂದ? ಪಾಲಿಸಿ ಶುರುವಾಗಿ ಎಷ್ಟು ದಿನದ ತನಕ ಕಾಯಿಲೆಗೆ ದುಡ್ಡಿಲ್ಲ? ಲಸಿಕೆಯಿಂದ ತಡೆಯಬಹುದಾದ ರೋಗ ಬಂದರೆ ಕೊಡುತ್ತೀರಾ? ಪಾರ್ವೊ ಸಾಮಾನ್ಯವಾಗಿ ಈ ಮೂರನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮತ್ತೆ ಮೊದಲು ನೀವು ಕಟ್ಟಬೇಕು, ಆಮೇಲೆ ವಾಪಸ್ ಬರುವುದು. ರಾತ್ರಿ ಹನ್ನೊಂದಕ್ಕೆ ಡೆಪಾಸಿಟ್ ಕೇಳಿದಾಗ ಡಬ್ಬಿಯೇ ಬೇಕು.

ಆ ಹೊತ್ತಿನಲ್ಲಿ ಗಾಬರಿಗೆ ಏನು ಮಾಡುತ್ತಾರೋ ಮಾಡಲಿ ಅಂತ ಕೂತುಬಿಡಬೇಡಿ. ‘ಡಾಕ್ಟ್ರೇ, ಇವತ್ತಿನ ದಿನಕ್ಕೆ ಎಷ್ಟಾಗುತ್ತೆ? ಈಗಲೇ ಬೇಕಾಗಿದ್ದು ಯಾವುದು, ನಾಳೆ ಮಾಡಬಹುದಾಗಿದ್ದು ಯಾವುದು? ನನ್ನ ಹತ್ತಿರ ಇಷ್ಟಿದೆ’ ಅಂತ ನೇರವಾಗಿ ಹೇಳಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇಷ್ಟಿದೆ ಅಂತ ಮೊದಲೇ ಹೇಳಿದವರಿಗೆ ನಮ್ಮ ಡಾಕ್ಟರ್ ಅದಕ್ಕೆ ತಕ್ಕ ಹಾಗೆ ದಾರಿ ಹುಡುಕುತ್ತಿದ್ದರು. ಹೇಳದೆ ಎರಡನೇ ದಿನ ಬರುವುದನ್ನೇ ಬಿಟ್ಟವರ ನಾಯಿಗಳೇ ಜಾಸ್ತಿ ಸತ್ತಿದ್ದು.

ಹಗಲು ಹೊತ್ತು, ದೂರ ಆಗದಿದ್ದರೆ, ಪಶುವೈದ್ಯ ಕಾಲೇಜುಗಳ ಆಸ್ಪತ್ರೆಯೂ ಇದೆ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಇವೆ. ಖಾಸಗಿಗಿಂತ ಖರ್ಚು ಕಡಿಮೆ, ಕ್ಯೂ ಮಾತ್ರ ಉದ್ದ.

ಮೀಸೆಬೆಕ್ಕು

ಮನೆಯಲ್ಲಿ ಕೂತು ಇದು ಎಮರ್ಜೆನ್ಸಿಯೋ ಅಲ್ಲವೋ ಅಂತ ಗೊತ್ತಾಗುವುದು ಹೇಗೆ ಸರ್? ಪ್ರತಿ ವಾಂತಿಗೂ 400 ಕೊಟ್ಟು ಓಡಲು ಆಗಲ್ಲ.

ಹಳೇಕಂಪೌಂಡರ್

ಒಳ್ಳೆಯ ಪ್ರಶ್ನೆ. ನಾಯಿ ಚೆನ್ನಾಗಿರುವಾಗಲೇ ತುಟಿ ಎತ್ತಿ ಒಸಡು ನೋಡಿ ಅಭ್ಯಾಸ ಮಾಡಿಕೊಳ್ಳಿ. ಗುಲಾಬಿ ಬಣ್ಣ, ಒದ್ದೆ ಇರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಒಸಡು ಬಿಳಿಚಿದ್ದರೆ, ಬಣ್ಣ ವಾಪಸ್ ಬರುವುದು ನಿಧಾನ ಆದರೆ, ಅಂಟಂಟಾಗಿ ಒಣಗಿದ್ದರೆ ಕಾಯಬೇಡಿ.

ದೊಡ್ಡ ನಾಯಿ ಒಂದು ಸಲ ವಾಂತಿ ಮಾಡಿ ಆಮೇಲೆ ಆಡುತ್ತಾ ಇದ್ದರೆ ಒಂದು ಹೊತ್ತು ಊಟ ಬಿಟ್ಟು ನೋಡಬಹುದು. ಲಸಿಕೆ ಪೂರ್ತಿ ಆಗದ ಮರಿ ವಾಂತಿ ಮಾಡಿ ಮೂಲೆ ಹಿಡಿದರೆ ಅದೇ ಹೊತ್ತಿಗೆ ಹೋಗಿ. ಹುಬ್ಳಿಯವರು ಒಂದೂವರೆ ದಿನ ಕಾದಿದ್ದಾರೆ. ಮೊದಲ ಸಂಜೆಯೇ ಡ್ರಿಪ್ ಶುರುವಾಗಿದ್ದರೆ ಆರು ದಿನ ನಾಲ್ಕಾಗುತ್ತಿತ್ತೇನೋ.

ಹುಬ್ಳಿಮಂದಿ

ಅದು ನನಗೂ ಅನ್ನಿಸುತ್ತದೆ. ಆದರೆ ಮಜ್ಜಿಗೆ ಕುಡಿಸಿದ ಅವ್ವನೇ ಆರು ದಿನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಹಾಗಾಗಿ ಏನೂ ಅನ್ನಲಾರೆ.

ತೋಟದಮನೆ

ಉಣ್ಣೆ ಜ್ವರಕ್ಕೆ ಪಪ್ಪಾಯಿ ಎಲೆ ರಸ ಕೊಟ್ಟರೆ ಪ್ಲೇಟ್‌ಲೆಟ್ ಏರುತ್ತೆ. ಇದಂತೂ ನಾನೇ ನೋಡಿದ್ದೇನೆ, ಬೈಯಬೇಡಿ.

ಹಳೇಕಂಪೌಂಡರ್

ಬೈಯಲ್ಲ ಸರ್. ರಸ ಕೊಟ್ಟರೂ ಒಳಗಿನ ಕ್ರಿಮಿಗೆ ಔಷಧಿ ಬೇಕೇ ಬೇಕು. ಸಾಮಾನ್ಯವಾಗಿ ಡಾಕ್ಟರ್ ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ಬರೆಯುತ್ತಾರೆ. ಮಾತ್ರೆ ಅಗ್ಗ. ಐದನೇ ದಿನಕ್ಕೆ ನಾಯಿ ತಿನ್ನಲು ಶುರು ಮಾಡುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ. ಎರಡು ತಿಂಗಳು ಬಿಟ್ಟು ಮೂಗಿನಲ್ಲಿ ರಕ್ತ ಅಂತ ಬರುತ್ತಾರೆ. ಆಗ ರಕ್ತ ಕೊಡಿಸುವ ತನಕ ಹೋಗುತ್ತದೆ ಬಿಲ್ಲು. ಅಂದಹಾಗೆ, ಎಲ್ಲ ಉಣ್ಣೆ ಜ್ವರವೂ ಒಂದೇ ಅಲ್ಲ. ಕೆಲವಕ್ಕೆ ಔಷಧಿಯೇ ಬೇರೆ. ಅದಕ್ಕೇ 500 ಕೊಟ್ಟು ರಕ್ತ ಪರೀಕ್ಷೆ ಮಾಡಿಸುವುದು.

ಚೀಟಿಲೆಕ್ಕ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಲೆಕ್ಕ ಹೇಳಲು ಬಂದೆ. ಮರಿಗೆ ಚುಕ್ಕಿ ಅಂತ ಹೆಸರಿಟ್ಟಿದ್ದೇವೆ. ಮೂರನೇ ಲಸಿಕೆ 16 ವಾರ ತುಂಬಿದ ಮೂರನೇ ದಿನಕ್ಕೆ ಆಯಿತು. ತಾರೀಖು ಗ್ಯಾಸ್ ಬುಕ್ ಮಾಡುವ ಕ್ಯಾಲೆಂಡರಿನಲ್ಲೇ ಬರೆದಿಟ್ಟಿದ್ದೆ.

ಎರಡು ತಿಂಗಳಿಗೆ ಒಟ್ಟು 6,340 ಆಯಿತು. ಊಟಕ್ಕೆ ಅಂದುಕೊಂಡಿದ್ದಕ್ಕಿಂತ ಕಡಿಮೆ, ತಿಂಗಳಿಗೆ 900. ಹಾಲು ಕೊಟ್ಟು ಒಂದು ವಾರ ಭೇದಿ ಆಯಿತು. ಪಾರ್ವೊ ಅಂತ ಹೆದರಿ ಓಡಿದೆ. ಒಸಡು ಗುಲಾಬಿಯೇ ಇತ್ತು, ಆದರೂ ಧೈರ್ಯ ಬರಲಿಲ್ಲ. ಡಾಕ್ಟರ್ ಹಾಲು ನಿಲ್ಲಿಸಿ ಅಂದರು ಅಷ್ಟೇ. 650 ರೂಪಾಯಿಯ ಪಾಠ.

ನಿಮ್ಮಲ್ಲಿ ಯಾರೂ ಹೇಳದ ಖರ್ಚು ಒಂದು ಬಂತು. ನಾದಿನಿ ಮಗಳ ಮದುವೆಗೆ ಎರಡು ದಿನ ಊರಿಗೆ ಹೋಗಬೇಕಿತ್ತು. ನಾಯಿ ಬಿಡುವ ಕಡೆ ಕೇಳಿದರೆ ದಿನಕ್ಕೆ 500, ಮೇಲೆ ಲಸಿಕೆ ಕಾರ್ಡ್ ತೋರಿಸಬೇಕು ಅಂದರು. ಆಗ ಮೂರನೆಯದು ಆಗಿರಲಿಲ್ಲ, ತೆಗೆದುಕೊಳ್ಳಲೇ ಇಲ್ಲ. ಕೊನೆಗೆ ಯಜಮಾನರು ಚುಕ್ಕಿ ಜೊತೆ ಮನೆಯಲ್ಲಿ ಉಳಿದರು. ನಾದಿನಿ ಇನ್ನೂ ಮಾತು ಬಿಟ್ಟಿದ್ದಾಳೆ!

ಡಬ್ಬಿಯಲ್ಲಿ 6,000 ಇದೆ. 5,000 ನಾನು ಕಟ್ಟುತ್ತಿದ್ದ ಚೀಟಿ ದುಡ್ಡಿನಿಂದ ಹಾಕಿದೆ.

ಈಗ ಆಪರೇಷನ್ ವಿಷಯ. ಒಬ್ಬ ಡಾಕ್ಟರ್ ಮೊದಲ ಸಲ ಬೆದೆಗೆ ಬರುವ ಮುಂಚೆ, ಆರು ತಿಂಗಳಿಗೇ ಮಾಡಿಸಿ ಅಂತಾರೆ. ಇನ್ನೊಬ್ಬರು ಒಂದು ಸಲ ಆಗಲಿ, ಮೈ ಬಲಿಯಲಿ ಅಂತಾರೆ. ಯಾರ ಮಾತು ಕೇಳಲಿ?

ಮೀಸೆಬೆಕ್ಕು

ಮುಂಚೆಯೇ ಮಾಡಿಸಿ. ಒಂದು ಸಲ ಬೆದೆಗೆ ಬಂದರೆ ನಿಮ್ಮ ಬೀದಿಯ ಗಂಡುನಾಯಿಗಳೆಲ್ಲ ಗೇಟಿನ ಹತ್ತಿರ ಇರುತ್ತವೆ. ಬಾಡಿಗೆ ಮನೆ ಬೇರೆ.

ಸಿಲ್ಕ್‌ಬೋರ್ಡ್‌ಸಂತ

ನಮ್ಮ ಡಾಕ್ಟರ್ ಒಂದೂವರೆ ವರ್ಷ ಕಾಯಿರಿ ಅಂದರು. ಬೇಗ ಮಾಡಿಸಿದರೆ ಮೂಳೆಗೆ ತೊಂದರೆಯಂತೆ.

ಹಳೇಕಂಪೌಂಡರ್

ಲ್ಯಾಬ್ರಡಾರ್‌ಗೆ ಆ ಮಾತು ಸರಿ, ದೊಡ್ಡ ತಳಿ. ಚುಕ್ಕಿಯಂಥವಕ್ಕೆ ಮೂಳೆಯ ಚಿಂತೆ ಅಷ್ಟಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮುಂದೆ ಮೊಲೆಯ ಗಡ್ಡೆ ಬರುವುದು ತುಂಬಾ ಕಡಿಮೆ. ಆದರೆ ಕೆಲವು ಹೆಣ್ಣು ನಾಯಿಗಳಿಗೆ ಆಪರೇಷನ್ ಆದಮೇಲೆ ವಯಸ್ಸಾದಾಗ ಮಲಗಿದಲ್ಲೇ ಉಚ್ಚೆ ಸೋರುತ್ತದೆ. ತೀರಾ ಬೇಗ ಮಾಡಿಸಿದರೆ ಅದು ಹೆಚ್ಚು ಅಂತ ಹೇಳುವ ಡಾಕ್ಟರುಗಳಿದ್ದಾರೆ. ನಾನು ಎರಡೂ ಕಡೆಯವರ ಕೈ ಕೆಳಗೆ ಕೆಲಸ ಮಾಡಿದ್ದೇನೆ, ಅವರವರಲ್ಲೇ ಜಗಳ ಮುಗಿದಿರಲಿಲ್ಲ.

ಮಾಡಿಸದೇ ಬಿಟ್ಟರೆ ಏನಾಗುತ್ತದೆ ಅನ್ನುವುದರಲ್ಲಿ ಮಾತ್ರ ಜಗಳವಿಲ್ಲ. ಏಳೆಂಟು ವರ್ಷದ ನಾಯಿ, ಬೆದೆ ಮುಗಿದು ಒಂದೆರಡು ತಿಂಗಳೊಳಗೆ ನೀರು ವಿಪರೀತ ಕುಡಿಯುತ್ತದೆ, ಊಟ ಬಿಡುತ್ತದೆ, ಹಿಂದಿನಿಂದ ಕೀವು. ಗರ್ಭಕೋಶದಲ್ಲಿ ಕೀವು ತುಂಬಿರುತ್ತದೆ. ಕೆಲವದರಲ್ಲಿ ಕೀವು ಹೊರಗೆ ಬರುವುದೇ ಇಲ್ಲ, ಹೊಟ್ಟೆ ಮಾತ್ರ ಉಬ್ಬುತ್ತದೆ, ಅದು ಇನ್ನೂ ಕಷ್ಟ. ಆಗ ಮಾಡುವುದೂ ಇದೇ ಆಪರೇಷನ್. ಆದರೆ ಜೀವ ಹೋಗುವ ಸ್ಥಿತಿಯಲ್ಲಿ, ರಾತ್ರೋರಾತ್ರಿ. ನಾನು ಕೊನೆಯದಾಗಿ ಬರೆದ ಅಂಥ ಬಿಲ್ಲು 22,000.

ಚೀಟಿಲೆಕ್ಕ

ಯಜಮಾನರಿಗೆ ಈ 22,000 ಓದಿ ಹೇಳಿದೆ. ಆರು ತಿಂಗಳಿಗೇ ಮಾಡಿಸೋಣ ಅಂದರು. ಡಬ್ಬಿಯ ದುಡ್ಡು ಮುಟ್ಟುವುದು ಬೇಡ, ದಸರಾ ಬೋನಸ್ಸಿನಲ್ಲಿ ಅಂತ ತೀರ್ಮಾನ. ಅಷ್ಟರೊಳಗೆ ಚುಕ್ಕಿ ಬೆದೆಗೆ ಬಂದುಬಿಟ್ಟರೆ?

ಹಳೇಕಂಪೌಂಡರ್

ಬಂದರೆ ಮುಗಿದ ಮೇಲೆ ಎರಡು ಮೂರು ತಿಂಗಳು ಕಾಯಬೇಕು, ಆ ಹೊತ್ತಿನಲ್ಲಿ ಅಲ್ಲಿ ರಕ್ತದ ಓಡಾಟ ಜಾಸ್ತಿ. ತೂಕ ಈಗ ಎಷ್ಟಿದೆ? ಉಣ್ಣೆ ಮಾತ್ರೆ ತೂಕದ ಮೇಲೆ ತೆಗೆದುಕೊಳ್ಳಬೇಕು. 10 ಕೆಜಿ ದಾಟುವ ಹಾಗಿದ್ದರೆ ಹಳೇ ಪ್ಯಾಕ್ ಇನ್ನೊಂದು ಕೊಳ್ಳಬೇಡಿ.

ಚೀಟಿಲೆಕ್ಕ

ನಾನು ಅವಳನ್ನು ಎತ್ತಿಕೊಂಡು ತೂಕದ ಮೆಷಿನ್ ಹತ್ತಿದೆ, ಆಮೇಲೆ ನಾನೊಬ್ಬಳೇ ಹತ್ತಿದೆ. ಚುಕ್ಕಿ 7 ಕೆಜಿ 200. ನನ್ನದು ಇಲ್ಲಿ ಬರೆಯಲ್ಲ.